ಹನ್ನೊಂದು ಮೇಲ್ ಆದಮೇಲೆ ಬರೆಯುವ ಉತ್ತರ: ಹಿಂದಿನ ಮಾತು ಕಳೆದುಹೋಗದ ಹಾಗೆ ತಿದ್ದುವುದು

ಕಾಫಿ ಮಾರಾಟದ ಮಾತುಕತೆ ಈಗ ಎಷ್ಟೋ ತೋಟಗಳಲ್ಲಿ ಇಮೇಲ್‌ನಲ್ಲೇ ನಡೆಯುತ್ತದೆ. ಮೊದಲ ಮೇಲ್‌ನಲ್ಲಿ ಎಲ್ಲ ವಿವರವೂ ಇರುತ್ತದೆ. ಹತ್ತನೆಯ ಮೇಲ್ ಹೊತ್ತಿಗೆ "ಸರಿ ಸರ್", "ಅದೇ ರೇಟು", "ನೀವು ಹೇಳಿದ ಹಾಗೆ" ಅನ್ನುವಷ್ಟಕ್ಕೆ ಮಾತು ಇಳಿದುಬಿಡುತ್ತದೆ. ಬರೆಯುವವರ ತಲೆಯಲ್ಲಿ ಎಲ್ಲವೂ ಇರುವುದರಿಂದ ಅವರಿಗೆ ಅಷ್ಟೇ ಸಾಕು ಅನ್ನಿಸುತ್ತದೆ. ಓದುವವರ ತಲೆಯಲ್ಲಿ ಬೇರೆ ಏನೋ ಇರಬಹುದು. ಅಂಥ ಒಂದು ಉತ್ತರವನ್ನು ಕಳಿಸುವ ಮೊದಲು ಹೇಗೆ ತಿದ್ದಿ ಬರೆಯಬೇಕು, ಕಳಿಸಿದ ಮೇಲೆ ಬದಲಾಯಿಸಬೇಕಾಗಿ ಬಂದರೆ ಏನು ಮಾಡಬೇಕು ಅನ್ನುವುದನ್ನು ಒಂದೇ ಪ್ರಸಂಗ ಹಿಡಿದು ನೋಡೋಣ. ಪ್ರಸಂಗ ವಿವರಣೆಗೆಂದು ಕಟ್ಟಿಕೊಂಡದ್ದು. ಅದರಲ್ಲಿನ ದರವೂ ಲೆಕ್ಕಕ್ಕೆ ಸುಲಭವಾಗಲಿ ಅಂತ ಇಟ್ಟುಕೊಂಡದ್ದು, ಮಾರುಕಟ್ಟೆ ದರ ಅಲ್ಲ.

ಮೂಡಿಗೆರೆ ಕಡೆಯ ಒಬ್ಬ ಬೆಳೆಗಾರರು ರೋಬಸ್ಟಾ ಚೆರ್ರಿ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು, ಮಾರುತ್ತಿದ್ದಾರೆ. ಕೊಳ್ಳುವವರು ಬೆಂಗಳೂರಿನವರು. ಮಾಲು ಇಳಿಯಬೇಕಾದದ್ದು ಸಿಪ್ಪೆ ತೆಗೆದು ಬೀಜ ಹಸನು ಮಾಡುವ ಹಾಸನದ ಒಂದು ಕ್ಯೂರಿಂಗ್ ವರ್ಕ್ಸ್‌ನಲ್ಲಿ. ಮೇಲ್‌ಗಳು ಹೀಗೆ ಸಾಗಿವೆ.

ಫೆಬ್ರವರಿ 8ಕ್ಕೆ ಬೆಳೆಗಾರರು ಬರೆದರು: 120 ಚೀಲ ಇದೆ, ಸ್ಯಾಂಪಲ್ ಕಳಿಸಿದ್ದೇವೆ. 10ಕ್ಕೆ ಖರೀದಿದಾರರ ಉತ್ತರ: ತೇವಾಂಶ 12.5 ಇದೆ, ಓಟಿ 26 ಬಂದಿದೆ. ಪರೀಕ್ಷೆಯ ಚೀಟಿಯ ಫೋಟೋ ಲಗತ್ತಿಸಿದ್ದರು. ಓಟಿ ಅಂದರೆ 50 ಕೆಜಿ ಚೆರ್ರಿ ಹಲ್ ಮಾಡಿದಾಗ, ಅಂದರೆ ಸಿಪ್ಪೆ ತೆಗೆದಾಗ, ಸಿಗುವ ಕ್ಲೀನ್ ಕಾಫಿಯ ಕೆಜಿ ಲೆಕ್ಕ. ಅವತ್ತೇ ಬೆಳೆಗಾರರು, ಕಣದಲ್ಲಿ ಇನ್ನಷ್ಟು ಒಣಗಿಸುತ್ತೇವೆ ಅಂದರು. 12ಕ್ಕೆ ದರ ಬಂತು: ಒಂದು ಓಟಿಗೆ 400 ರೂಪಾಯಿ. 13ಕ್ಕೆ ಬೆಳೆಗಾರರು ಆ ದರಕ್ಕೆ ಒಪ್ಪಿ, ಒಂದು ವಿಷಯ ಸೇರಿಸಿದರು: 120ರಲ್ಲಿ 20 ಚೀಲ ಬೇರೆ ತೋಟದ್ದು, ಅದು ಈ ಸ್ಯಾಂಪಲ್‌ನಲ್ಲಿ ಇಲ್ಲ. 14ಕ್ಕೆ ಖರೀದಿದಾರರು, ಹಾಗಾದರೆ ಮೊದಲು 100 ಚೀಲ ತೆಗೆದುಕೊಳ್ಳುತ್ತೇವೆ, ತೇವಾಂಶ 11ರೊಳಗೆ ಇದ್ದರೆ. ಓಟಿ ಲೆಕ್ಕ ಹಾಸನದಲ್ಲಿ ಇಳಿಸುವಾಗ ಮಾಡುವ ಪರೀಕ್ಷೆಯದ್ದು. 25ಕ್ಕಿಂತ ಕಮ್ಮಿ ಬಂದರೆ ದರ ಮತ್ತೆ ಮಾತಾಡೋಣ. ಉಳಿದ 20ಕ್ಕೆ ಬೇರೆ ಸ್ಯಾಂಪಲ್ ಬೇಕು ಅಂದರು. ಅವತ್ತೇ ಬೆಳೆಗಾರರು ಲಾರಿ ಬಾಡಿಗೆ ಯಾರದು ಅಂತ ಕೇಳಿದರು. 15ಕ್ಕೆ ಉತ್ತರ: ಮಾಲು 25ರೊಳಗೆ ಬಂದರೆ ಬಾಡಿಗೆ ನಮ್ಮದು. ಅದೇ ಮೇಲ್‌ನಲ್ಲಿ ಕ್ಯೂರಿಂಗ್ ವರ್ಕ್ಸ್‌ನ ಮ್ಯಾನೇಜರ್ ಅವರನ್ನೂ ಸೇರಿಸಿದರು. 17ಕ್ಕೆ ಮ್ಯಾನೇಜರ್ ಬರೆದರು: ಮಂಗಳವಾರ, ಶುಕ್ರವಾರ ಮಾತ್ರ ಇಳಿಸುತ್ತೇವೆ, ತೇವಾಂಶ 11ಕ್ಕಿಂತ ಜಾಸ್ತಿ ಇದ್ದರೆ ಇಳಿಸುವುದಿಲ್ಲ. 18ರ ಬೆಳಗ್ಗೆ ಬೆಳೆಗಾರರು, ಈಗ ನಮ್ಮ ಮೀಟರ್‌ನಲ್ಲಿ 10.8 ತೋರಿಸುತ್ತಿದೆ ಅಂದರು. ಸಂಜೆ ಖರೀದಿದಾರರು ಮೂರು ಪ್ರಶ್ನೆ ಕೇಳಿದರು: "ಹಾಗಾದರೆ ಅದೇ ರೇಟಿಗೆ ಮುಗಿಸೋಣವಾ? ಲಾರಿ ಯಾವತ್ತು? ಉಳಿದದ್ದು ಏನು ಮಾಡುತ್ತೀರಿ?"

ಇದು ಹನ್ನೊಂದನೆಯ ಮೇಲ್. ಇದಕ್ಕೆ ಬೆಳೆಗಾರರು ಫೆಬ್ರವರಿ 19, ಬುಧವಾರ ಬರೆದಿಟ್ಟ ಕರಡು ಇಷ್ಟು:

> ಸರಿ ಸರ್, ಅದೇ ರೇಟಿಗೆ ಆಗಬಹುದು. ಶುಕ್ರವಾರ ಕಳಿಸ್ತೀವಿ. ಲಾರಿ ನೀವು ಹೇಳಿದ ಹಾಗೆ. ಉಳಿದದ್ದು ಆಮೇಲೆ ನೋಡೋಣ.

ಇದರಲ್ಲಿ ಸುಳ್ಳು ಏನೂ ಇಲ್ಲ. ಮರ್ಯಾದೆಗೂ ಕಮ್ಮಿ ಇಲ್ಲ. ಆದರೆ ನಾಲ್ಕು ವಾಕ್ಯವೂ ಬೇರೆ ಎಲ್ಲೋ ಇರುವ ಮಾತಿಗೆ ಕೈ ತೋರಿಸುತ್ತಿವೆ. ಆ ಮಾತು ಎಲ್ಲಿದೆ ಅಂತ ಹೇಳುತ್ತಿಲ್ಲ.

"ಅದೇ ರೇಟು" ಅನ್ನುವುದನ್ನೇ ಮೊದಲು ತೆಗೆದುಕೊಳ್ಳಿ. ಓಟಿ 26 ಅಂದರೆ 50 ಕೆಜಿಯ ಚೀಲದಲ್ಲಿ 26 ಕೆಜಿ ಬೀಜ. ಒಂದು ಓಟಿಗೆ 400 ಅಂದರೆ ಚೀಲಕ್ಕೆ 10,400 ರೂಪಾಯಿ. ಕಣದಲ್ಲಿ ಲೆಕ್ಕ ಹಾಕುವ ಬೆಳೆಗಾರರ ಮನಸ್ಸಿನಲ್ಲಿ "ಅದೇ ರೇಟು" ಅಂದರೆ ಈ 10,400 ಆಗಿರಬಹುದು. ಸ್ಯಾಂಪಲ್ ಚೀಟಿಯಲ್ಲಿ 26 ಅಂತಲೇ ಇತ್ತಲ್ಲ. ಖರೀದಿದಾರರ ಮನಸ್ಸಿನಲ್ಲಿ ಅದು ಬರೀ 400. ಓಟಿ ಎಷ್ಟು ಅನ್ನುವುದು ಹಾಸನದಲ್ಲಿ ತೀರ್ಮಾನ ಆಗಬೇಕು. ಅಲ್ಲಿ 25 ಬಂತು ಅಂದುಕೊಳ್ಳಿ. ಚೀಲಕ್ಕೆ 10,000 ಆಯಿತು. 100 ಚೀಲಕ್ಕೆ 40,000 ರೂಪಾಯಿ ವ್ಯತ್ಯಾಸ. ಇಬ್ಬರೂ ಮೇಲ್ ತೆಗೆದು ತೋರಿಸುತ್ತಾರೆ, ಇಬ್ಬರ ಕೈಯಲ್ಲೂ ಪುರಾವೆ ಇರುತ್ತದೆ. ಒಬ್ಬರದು 10ನೇ ತಾರೀಖಿನದು, ಇನ್ನೊಬ್ಬರದು 14ರದು. ಕೊನೆಯ ಉತ್ತರ ಯಾವುದನ್ನು ಒಪ್ಪಿಕೊಂಡಿತು ಅಂತ ಅದರಲ್ಲಿ ಬರೆದಿಲ್ಲ.

ಹಾಗಾಗಿ ತಿದ್ದುವಾಗ ಮೊದಲ ಕೆಲಸ ಭಾಷೆ ಚಂದ ಮಾಡುವುದಲ್ಲ. ಕರಡಿನಲ್ಲಿ ಇರುವ "ಅದೇ", "ಹಾಗೆ", "ಉಳಿದದ್ದು", "ಆಮೇಲೆ" ಇಂಥ ಮಾತುಗಳನ್ನು ಒಂದೊಂದಾಗಿ ಹಿಡಿದು, ಇದು ಯಾವ ತಾರೀಖಿನ ಮೇಲ್‌ನ ಯಾವ ಸಾಲು ಅಂತ ಹುಡುಕಬೇಕು. ಮೇಲಿನಿಂದ ಕೆಳಗೆ ಎಲ್ಲ ಮೇಲ್ ಮತ್ತೆ ಓದಲೇಬೇಕು, ಬೇರೆ ದಾರಿ ಇಲ್ಲ. ಓದುವಾಗ ಒಂದು ಹಾಳೆಯಲ್ಲಿ ಮೂರು ಬಗೆಯ ವಿಷಯ ಗುರುತು ಹಾಕಿಕೊಳ್ಳಿ: ಒಪ್ಪಿ ಆದದ್ದು, ಆಮೇಲೆ ಬದಲಾದದ್ದು, ಇನ್ನೂ ತೀರ್ಮಾನ ಆಗದೇ ಇರುವುದು.

ನಮ್ಮ ಪ್ರಸಂಗದಲ್ಲಿ 400 ರೂಪಾಯಿ ಒಪ್ಪಿ ಆದದ್ದು. ಚೀಲದ ಲೆಕ್ಕ ಬದಲಾದದ್ದು, 120 ಇದ್ದದ್ದು 100 ಆಗಿದೆ. ಓಟಿಯೂ ಬದಲಾದ ವಿಷಯವೇ. ಮೊದಲು ಸ್ಯಾಂಪಲ್‌ನ ಅಂಕಿ ಬಂತು, ಆಮೇಲೆ ಇಳಿಸುವಾಗಿನ ಪರೀಕ್ಷೆ ಅಂತ ಆಯಿತು. 20 ಚೀಲದ ದರ ತೀರ್ಮಾನ ಆಗದೇ ಇರುವುದು. ಇನ್ನೊಂದು ವಿಷಯ ಬೇಗ ಕಣ್ಣಿಗೆ ಬೀಳುವುದಿಲ್ಲ. 14ರ ಮೇಲ್‌ನ ಓಟಿ ಷರತ್ತಿಗೆ ಬೆಳೆಗಾರರು ಇದುವರೆಗೆ "ಒಪ್ಪಿದೆ" ಅಂತ ಎಲ್ಲೂ ಬರೆದೇ ಇಲ್ಲ. ಅವತ್ತು ಅವರು ಉತ್ತರದಲ್ಲಿ ಲಾರಿ ಬಾಡಿಗೆ ಮಾತ್ರ ಕೇಳಿದ್ದರು. ಉದ್ದದ ಮಾತುಕತೆಯಲ್ಲಿ ಇದು ಜಾಸ್ತಿ ಆಗುವ ಸಂಗತಿ. ಒಂದು ಮೇಲ್‌ನಲ್ಲಿ ನಾಲ್ಕು ವಿಷಯ ಇದ್ದರೆ ಕೊನೆಯದಕ್ಕೋ, ನಮಗೆ ಅವಸರ ಇರುವುದಕ್ಕೋ ಉತ್ತರ ಬರುತ್ತದೆ. ಉಳಿದವು ಸುಮ್ನೆ ಒಪ್ಪಿದ ಹಾಗೆ ಮುಂದಕ್ಕೆ ಸಾಗುತ್ತವೆ. ಈಗಿನ ಉತ್ತರ ಬರೆಯುವಾಗ ಬೆಳೆಗಾರರು ಆ ಷರತ್ತು ತಮಗೆ ನಿಜವಾಗಿ ಒಪ್ಪಿಗೆಯಾ ಅಂತ ಯೋಚಿಸಿ ತೀರ್ಮಾನ ಮಾಡಬೇಕು. ಒಪ್ಪಿಗೆ ಇಲ್ಲದಿದ್ದರೆ ಅದನ್ನು ಹೇಳುವ ಸಮಯ ಇದೇ. ನಮ್ಮ ಬೆಳೆಗಾರರು ಒಪ್ಪಿದರು ಅಂತ ಇಟ್ಟುಕೊಳ್ಳೋಣ.

ತಿದ್ದಿ ಬರೆದ ಉತ್ತರ ಹೀಗಾಯಿತು. ಚೂಪು ಗುರುತಿನ ಸಾಲುಗಳು ಖರೀದಿದಾರರ 18ರ ಮೇಲ್‌ನಿಂದ ಎತ್ತಿದವು.

```
ಸರ್, ನಮಸ್ಕಾರ.
ಈ ಒಪ್ಪಿಗೆ ಮೊದಲ 100 ಚೀಲ ರೋಬಸ್ಟಾ
ಚೆರ್ರಿಗೆ ಮಾತ್ರ.

> ಹಾಗಾದರೆ ಅದೇ ರೇಟಿಗೆ ಮುಗಿಸೋಣವಾ?

ಆಗಬಹುದು. ಫೆ. 12ರ ನಿಮ್ಮ ಮೇಲ್‌ನ ದರ,
ಒಂದು ಓಟಿಗೆ 400 ರೂ. ಓಟಿ ಲೆಕ್ಕ ಫೆ. 14ರಂದು
ನೀವು ಹೇಳಿದಂತೆ ಹಾಸನದಲ್ಲಿ ಇಳಿಸುವಾಗ ಮಾಡುವ
ಪರೀಕ್ಷೆಯದ್ದು, ಸ್ಯಾಂಪಲ್‌ನ 26 ಅಲ್ಲ. ಅದು
25ಕ್ಕಿಂತ ಕಮ್ಮಿ ಬಂದರೆ ದರ ಮತ್ತೆ ಮಾತಾಡೋಣ.
ಇದು ನಮಗೂ ಒಪ್ಪಿಗೆ.

> ಲಾರಿ ಯಾವತ್ತು?

ಫೆ. 21, ಶುಕ್ರವಾರ. 25ರೊಳಗೆ ಬರುವುದರಿಂದ
ಬಾಡಿಗೆ ನಿಮ್ಮದು (ಫೆ. 15ರ ಮೇಲ್). ತೇವಾಂಶ
18ರಂದು ನಮ್ಮ ಮೀಟರ್‌ನಲ್ಲಿ 10.8 ಇತ್ತು.
ಹಾಸನದಲ್ಲಿ 11ರೊಳಗೆ ಇದ್ದರೆ ಮಾತ್ರ
ಇಳಿಸುತ್ತಾರೆ ಎಂಬುದು ಗೊತ್ತಿದೆ.

> ಉಳಿದದ್ದು ಏನು ಮಾಡುತ್ತೀರಿ?

ಬೇರೆ ತೋಟದ 20 ಚೀಲ. ಸ್ಯಾಂಪಲ್ ಇನ್ನೂ
ಕಳಿಸಿಲ್ಲ, ದರದ ಮಾತು ಆಗಿಲ್ಲ. ಮೇಲಿನ ದರ
ಇದಕ್ಕೆ ಸೇರುವುದಿಲ್ಲ. ಸ್ಯಾಂಪಲ್ ಜೊತೆ ಬೇರೆ
ಮೇಲ್ ಹಾಕುತ್ತೇವೆ.
```

ನಾಲ್ಕು ವಾಕ್ಯ ಇದ್ದದ್ದು ಇಷ್ಟು ಆಯಿತಲ್ಲ ಅನ್ನಿಸಬಹುದು. ಆದರೆ ಓಟಿ ಷರತ್ತಿಗೆ ಒಪ್ಪಿಗೆ ಬಿಟ್ಟರೆ ಹೊಸ ವಿಷಯ ಒಂದೂ ಸೇರಿಲ್ಲ. ಹಿಂದೆ ಹರಡಿಕೊಂಡಿದ್ದ ಮಾತುಗಳಲ್ಲಿ ಇವತ್ತಿನ ಉತ್ತರಕ್ಕೆ ಬೇಕಾದವು ಮಾತ್ರ ಒಂದು ಕಡೆ ಬಂದಿವೆ. ಬೇಡದ್ದು ಬಿಟ್ಟಿದ್ದೂ ಇದೆ. ಸ್ಯಾಂಪಲ್‌ನಲ್ಲಿ ತೇವಾಂಶ 12.5 ಇತ್ತು ಅನ್ನುವುದು ಈಗ ಹಳೆಯ ಸುದ್ದಿ, ಅದರ ಮೇಲೆ ಇವತ್ತಿನ ಯಾವ ತೀರ್ಮಾನವೂ ನಿಂತಿಲ್ಲ. ಹಾಗಾಗಿ ಅದು ಬರಲಿಲ್ಲ. ಸ್ಯಾಂಪಲ್‌ನ 26 ಕೂಡ ಹಳೆಯದೇ. ಆದರೆ ಅದನ್ನು ಹೆಸರು ಹಿಡಿದು "ಅಲ್ಲ" ಅನ್ನಲೇಬೇಕಿತ್ತು, ಯಾಕೆಂದರೆ ಗೊಂದಲ ಹುಟ್ಟುವುದು ಅಲ್ಲೇ. ಯಾವ ಹಳೆಯ ವಿಷಯ ಎತ್ತಬೇಕು, ಯಾವುದನ್ನು ಬಿಡಬೇಕು ಅಂತ ತೀರ್ಮಾನ ಮಾಡಲು ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಇದು ಗೊತ್ತಿಲ್ಲದವರು ನನ್ನ ಈ ವಾಕ್ಯವನ್ನು ಬೇರೆ ಥರ ಓದಬಹುದಾ? ಓದಬಹುದು ಅಂತಾದರೆ ಎತ್ತಬೇಕು.

"ನಮ್ಮ ಮೀಟರ್‌ನಲ್ಲಿ" ಅನ್ನುವ ಮಾತನ್ನೂ ಗಮನಿಸಿ. 18ರ ಮೇಲ್‌ನಲ್ಲಿ ಅದು ಇತ್ತು. ಉತ್ತರ ಚಿಕ್ಕದು ಮಾಡುವ ಆತುರದಲ್ಲಿ "ತೇವಾಂಶ 10.8 ಇದೆ" ಅಂತ ಬರೆದರೆ ಅದು ಬೆಳೆಗಾರರು ಕೊಟ್ಟ ಭರವಸೆಯ ಹಾಗೆ ಕೇಳುತ್ತದೆ. ಎರಡು ಮೀಟರ್ ಒಂದೇ ಮಾಲಿಗೆ ಬೇರೆ ಬೇರೆ ಅಂಕಿ ತೋರಿಸುವುದು ಕಾಫಿಯವರಿಗೆಲ್ಲ ಗೊತ್ತು. ಯಾರು ಅಳೆದದ್ದು, ಯಾವತ್ತು ಅಳೆದದ್ದು ಅನ್ನುವುದು ಅಂಕಿಯ ಜೊತೆಗೇ ಹೋಗಬೇಕು. ಹಳೆಯ ಮೇಲ್‌ನಿಂದ ಅಂಕಿ ಎತ್ತುವಾಗ ಮೊದಲು ಉದುರಿ ಹೋಗುವುದು ಇದೇ.

ಬೇರೆಯವರ ಮಾತನ್ನು ಎತ್ತುವಾಗ ಇದಕ್ಕಿಂತ ದೊಡ್ಡ ಅಪಾಯ ಇದೆ. 14ರ ಮೇಲ್‌ನಲ್ಲಿ ಖರೀದಿದಾರರು ಬರೆದದ್ದು "ಮೊದಲು 100 ಚೀಲ ತೆಗೆದುಕೊಳ್ಳುತ್ತೇವೆ, ತೇವಾಂಶ 11ರೊಳಗೆ ಇದ್ದರೆ". ಇದರಲ್ಲಿ ಮೊದಲ ಅರ್ಧ ಮಾತ್ರ ಎತ್ತಿಟ್ಟು ಅದರ ಕೆಳಗೆ ಉತ್ತರ ಬರೆದರೆ, ನೋಡುವವರಿಗೆ ಷರತ್ತೇ ಇಲ್ಲದ ಒಪ್ಪಂದ ಕಾಣುತ್ತದೆ. ಬೇಕಂತ ಮಾಡಿದ್ದಲ್ಲ, ಸಾಲು ಉದ್ದ ಆಯಿತು ಅಂತ ಕತ್ತರಿಸಿದ್ದು. ಆದರೂ ಎದುರಿನವರಿಗೆ ತಮ್ಮ ಮಾತು ತಿರುಚಿದರು ಅನ್ನಿಸುತ್ತದೆ, ನಂಬಿಕೆ ಕೆಡುತ್ತದೆ. ನಾವು ಮಾತಾಡುವಾಗ "ಇದ್ದರೆ", "ಆದರೆ", "ಅಷ್ಟರೊಳಗೆ" ಅನ್ನುವುದನ್ನು ಎಷ್ಟೋ ಸಲ ಕೊನೆಗೆ ಸೇರಿಸುತ್ತೇವೆ. ಅದಕ್ಕೇ ಎತ್ತುವ ಸಾಲಿನ ಮುಂದಿನ ಸಾಲನ್ನೂ ಓದಿ, ಆಮೇಲೆ ಎಲ್ಲಿ ನಿಲ್ಲಿಸಬೇಕು ಅಂತ ನೋಡಬೇಕು. ಪೂರ್ತಿ ಎತ್ತಲು ಜಾಗ ಇಲ್ಲದಿದ್ದರೆ ಎತ್ತುವುದನ್ನೇ ಬಿಟ್ಟು, ನಮ್ಮ ಮಾತಿನಲ್ಲಿ ಷರತ್ತು ಸಮೇತ ಹೇಳಿ, ತಾರೀಖು ಕೊಡುವುದು ವಾಸಿ.

"ಕೆಳಗೆ ಹಳೆಯ ಮೇಲ್ ಎಲ್ಲ ಇದೆಯಲ್ಲ, ಬೇಕಾದವರು ನೋಡಿಕೊಳ್ಳುತ್ತಾರೆ" ಅನ್ನುವವರಿದ್ದಾರೆ. ಕೆಳಗೆ ಇರುತ್ತದೆ ಅನ್ನುವುದೇ ಯಾವಾಗಲೂ ನಿಜ ಅಲ್ಲ. ಕ್ಯೂರಿಂಗ್ ವರ್ಕ್ಸ್‌ನ ಮ್ಯಾನೇಜರ್ ಅವರನ್ನು ಸೇರಿಸಿದ್ದು 15ಕ್ಕೆ, ಎಂಟನೆಯ ಮೇಲ್‌ನಲ್ಲಿ. ಅದಕ್ಕಿಂತ ಹಿಂದಿನ ಏಳು ಮೇಲ್ ಅವರ ಇನ್‌ಬಾಕ್ಸ್‌ಗೆ ಬರುವುದಿಲ್ಲ. ಎಂಟನೆಯ ಮೇಲ್‌ನ ಅಡಿಯಲ್ಲಿ ಹಳೆಯ ಮಾತು ಎಷ್ಟು ಉಳಿದಿತ್ತೋ ಅಷ್ಟು ಮಾತ್ರ ಅವರಿಗೆ ಸಿಕ್ಕಿರುತ್ತದೆ. ನಡುವೆ ಯಾರಾದರೂ ಅಡಿಯ ಭಾಗ ಅಳಿಸಿ ಕಳಿಸಿದ್ದರೆ ಅದೂ ಇಲ್ಲ. ಪರೀಕ್ಷೆ ಚೀಟಿಯ ಫೋಟೋ ಅಂತೂ ಸಿಕ್ಕಿರುವುದೇ ಇಲ್ಲ, ಯಾಕೆಂದರೆ ರಿಪ್ಲೈ ಮಾಡಿದಾಗ ಹಳೆಯ ಲಗತ್ತುಗಳು ಜೊತೆಗೆ ಹೋಗುವುದಿಲ್ಲ. ಫಾರ್ವರ್ಡ್ ಮಾಡಿದರೆ ಮಾತ್ರ ಹೋಗುತ್ತವೆ. "ಮೇಲಿನ ಚೀಟಿ ನೋಡಿ" ಅಂತ ಬರೆಯುವ ಮೊದಲು, ಈಗ ಓದುತ್ತಿರುವ ಎಲ್ಲರಿಗೂ ಆ ಚೀಟಿ ತಲುಪಿದೆಯಾ ಅಂತ ನೋಡಿ. ಅನುಮಾನ ಇದ್ದರೆ ಮತ್ತೊಮ್ಮೆ ಲಗತ್ತಿಸಿ.

ಇದರ ಇನ್ನೊಂದು ಮುಖವೂ ಇದೆ. ಅಡಿಯಲ್ಲಿ ಉಳಿದದ್ದು ಹೊಸಬರಿಗೂ ಕಾಣುತ್ತದೆ. ಇಬ್ಬರ ನಡುವಿನ ದರದ ಚೌಕಾಸಿ ಮೂರನೆಯವರು ಓದಬೇಕಾಗಿಲ್ಲ ಅನ್ನಿಸಿದರೆ, ಅವರನ್ನು ಸೇರಿಸುವ ಆ ಮೇಲ್‌ನಲ್ಲೇ ಅಡಿಯ ಭಾಗ ತೆಗೆದು, ಅವರಿಗೆ ಬೇಕಾದಷ್ಟನ್ನು ಎರಡು ಸಾಲಿನಲ್ಲಿ ಬರೆಯಬೇಕು. ನಮ್ಮ ಪ್ರಸಂಗದಲ್ಲಿ ಅಡಿಯಲ್ಲಿ ಉಳಿದಿದ್ದದ್ದು ಆಗಲೇ ಕಂಡಿದೆ, ಅದನ್ನು ವಾಪಸ್ ತೆಗೆಯಲು ಆಗುವುದಿಲ್ಲ.

ಮೊಬೈಲ್‌ನಲ್ಲಿ ಓದುವವರಿಗೆ ಹಳೆಯ ಭಾಗ ಇದ್ದರೂ ಮೂರು ಚುಕ್ಕಿಯ ಹಿಂದೆ ಮುಚ್ಚಿರುತ್ತದೆ. ಲಾರಿ ಇಳಿಸುವ ಗದ್ದಲದಲ್ಲಿ ನಿಂತವರು ಆ ಚುಕ್ಕಿ ಒತ್ತಿ, ಹತ್ತು ಮೇಲ್ ಕೆಳಕ್ಕೆ ಸರಿಸಿ, 14ನೇ ತಾರೀಖಿನ ಮೂರನೆಯ ಸಾಲು ಹುಡುಕುತ್ತಾರೆ ಅಂತ ನಂಬಬೇಡಿ. ಕರಡು ಸರಿಯಾಗಿದೆಯಾ ಅಂತ ನೋಡಲು ನನಗೆ ಗೊತ್ತಿರುವ ಒಳ್ಳೆಯ ದಾರಿ ಇದೇ: ಹಳೆಯದನ್ನೆಲ್ಲ ಮುಚ್ಚಿ, ನಿಮ್ಮ ಉತ್ತರ ಮಾತ್ರ ಇಟ್ಟುಕೊಂಡು, ತಡವಾಗಿ ಸೇರಿದ ಆ ಮ್ಯಾನೇಜರ್ ಆಗಿ ಓದಿ. ಎಷ್ಟು ಚೀಲ ಬರುತ್ತಿದೆ? ಯಾವತ್ತು? ಓಟಿ ಪರೀಕ್ಷೆ ನಾನು ಮಾಡಬೇಕಾ? ಬರುವ ಲಾರಿಯಲ್ಲಿ ಆ 20 ಚೀಲವೂ ಇರುತ್ತದಾ? ಮೊದಲ ಕರಡಿನಿಂದ ಈ ನಾಲ್ಕರಲ್ಲಿ ಒಂದಕ್ಕೂ ಪೂರ್ತಿ ಉತ್ತರ ಸಿಗುವುದಿಲ್ಲ. "ಶುಕ್ರವಾರ" ಅಂತ ಇತ್ತು ನಿಜ, ಯಾವ ಶುಕ್ರವಾರ ಅಂತ ಇರಲಿಲ್ಲ. "ನಾಳೆ", "ಬರುವ ವಾರ" ಅನ್ನುವ ಮಾತು ಬರೆದ ದಿನ ಮಾತ್ರ ಸ್ಪಷ್ಟ. ಎರಡು ವಾರ ಬಿಟ್ಟು ಓದಿದರೆ ಮೇಲ್‌ನ ತಾರೀಖು ನೋಡಿ ಲೆಕ್ಕ ಹಾಕಬೇಕಾಗುತ್ತದೆ.

ಇನ್ನು ಉತ್ತರವನ್ನು ಎಲ್ಲಿ ಕೂತು ಬರೆಯುತ್ತೀರಿ ಅನ್ನುವುದೂ ಮುಖ್ಯ. ಪ್ರತಿ ಮೇಲ್‌ಗೂ ಕಣ್ಣಿಗೆ ಕಾಣದ ಒಂದು ಗುರುತಿನ ಸಂಖ್ಯೆ ಇರುತ್ತದೆ. ರಿಪ್ಲೈ ಒತ್ತಿದಾಗ ಹೊಸ ಮೇಲ್ ತನ್ನ ಜೊತೆ ಹಳೆಯದರ ಗುರುತನ್ನೂ ಒಯ್ಯುತ್ತದೆ. ಅದರ ತಲೆಭಾಗದಲ್ಲಿ ಹೀಗೆ ಇರುತ್ತದೆ:

```
Message-ID: <m12@example.com>
In-Reply-To: <m11@example.com>
References: <m1@example.com> ... <m11@example.com>
```

ಮೊದಲ ಸಾಲು ಈ ಮೇಲ್‌ನ ಗುರುತು. ಎರಡನೆಯದು ಯಾವುದಕ್ಕೆ ಉತ್ತರ ಅಂತ. ಮೂರನೆಯದರಲ್ಲಿ ಹಿಂದಿನ ಸರಣಿಯ ಗುರುತುಗಳು. ಮೇಲ್‌ಗಳು ಒಂದರ ಕೆಳಗೆ ಒಂದು ಜೋಡಿಸಿದ ಹಾಗೆ ಕಾಣುವುದು ಮುಖ್ಯವಾಗಿ ಇದರಿಂದ. ಕರಡನ್ನು ನೋಟ್‌ಪ್ಯಾಡ್‌ನಲ್ಲಿ ಸಮಾಧಾನವಾಗಿ ತಿದ್ದುವುದು ಒಳ್ಳೆಯದೇ. ಆದರೆ ಆಮೇಲೆ ಅದನ್ನು ಹೊಸ ಮೇಲ್ ತೆರೆದು ಅಂಟಿಸಿದರೆ ಈ ಕೊಂಡಿ ಇರುವುದಿಲ್ಲ. ಸಬ್ಜೆಕ್ಟ್ ಅದೇ ಟೈಪ್ ಮಾಡಿದರೂ ಅದು ಬೇರೆ ಮೇಲ್. ಎದುರಿನವರ ಇನ್‌ಬಾಕ್ಸ್‌ನಲ್ಲಿ ಒಂಟಿಯಾಗಿ ನಿಲ್ಲಬಹುದು. ರಿಪ್ಲೈ ಜಾಗ ತೆರೆದು ಅಲ್ಲೇ ಅಂಟಿಸಬೇಕು.

ಸಬ್ಜೆಕ್ಟ್ ಕೂಡ ಮುಟ್ಟಬೇಡಿ. ಮೊದಲ ಮೇಲ್‌ನ ಸಬ್ಜೆಕ್ಟ್ "ರೋಬಸ್ಟಾ ಚೆರ್ರಿ 120 ಚೀಲ" ಅಂತ ಇತ್ತು ಅಂದುಕೊಳ್ಳಿ. ಈಗ 100 ಆಯಿತಲ್ಲ, ಸರಿಮಾಡೋಣ ಅನ್ನಿಸುತ್ತದೆ. ಜಿಮೇಲ್‌ನಲ್ಲಿ ಸಬ್ಜೆಕ್ಟ್ ಬದಲಾದರೆ ಅದು ಬೇರೆ ಸಂಭಾಷಣೆಯಾಗಿ ಒಡೆಯುತ್ತದೆ. 100 ಅನ್ನುವುದನ್ನು ಉತ್ತರದ ಮೊದಲ ಸಾಲಿನಲ್ಲಿ ಹೇಳಿದರೆ ಸಾಕು, ಮೇಲಿನ ಉತ್ತರದಲ್ಲಿ ಹಾಗೇ ಮಾಡಿದೆ. ಬೇಕಂತಲೇ ಒಡೆಯಬೇಕಾದ ಸಂದರ್ಭವೂ ಉಂಟು. ಆ 20 ಚೀಲದ್ದು ಇನ್ನು ಬೇರೆಯದೇ ವ್ಯವಹಾರ: ಬೇರೆ ಸ್ಯಾಂಪಲ್, ಬೇರೆ ದರ. ಅದನ್ನು ಇದೇ ಸರಣಿಯಲ್ಲಿ ಮುಂದುವರಿಸಿದರೆ ಎರಡು ಓಟಿ, ಎರಡು ದರ ಕಲಸಿಹೋಗುತ್ತವೆ. ಅದಕ್ಕೆ ಹೊಸ ಮೇಲ್, ಹೊಸ ಸಬ್ಜೆಕ್ಟ್ ಸರಿ. ಅದರ ಮೊದಲ ಸಾಲಿನಲ್ಲಿ "ಫೆ. 13ರ ಮೇಲ್‌ನಲ್ಲಿ ತಿಳಿಸಿದ ಬೇರೆ ತೋಟದ 20 ಚೀಲದ ಬಗ್ಗೆ" ಅಂತ ಬರೆದರೆ ಹಿಂದಿನದು ಬೇಕಾದವರಿಗೆ ದಾರಿ ಸಿಗುತ್ತದೆ.

ಯಾವ ಮೇಲ್ ಮೇಲೆ ರಿಪ್ಲೈ ಒತ್ತುತ್ತೀರಿ ಅನ್ನುವುದನ್ನೂ ನೋಡಿಕೊಳ್ಳಿ. ಲಾರಿ ವಿಷಯ ಅಲ್ಲೇ ಇದೆ ಅಂತ 14ರ ಮೇಲ್ ತೆರೆದು ಅದಕ್ಕೇ ರಿಪ್ಲೈ ಆಲ್ ಮಾಡಿದರೆ, ಆ ದಿನ ಇದ್ದವರಿಗೆ ಮಾತ್ರ ಹೋಗುತ್ತದೆ. ಮ್ಯಾನೇಜರ್ ಅವತ್ತು ಇನ್ನೂ ಸೇರಿರಲಿಲ್ಲ. ಶುಕ್ರವಾರ ಲಾರಿ ಬಂದು ನಿಂತಾಗ ಅವರಿಗೆ ಸುದ್ದಿಯೇ ಇರುವುದಿಲ್ಲ. ಕೊನೆಯ ಮೇಲ್‌ಗೇ ರಿಪ್ಲೈ ಆಲ್ ಮಾಡಿ, ಹಳೆಯ ಮಾತನ್ನು ತಾರೀಖು ಹೇಳಿ ಎತ್ತುವುದು ಸುರಕ್ಷಿತ.

ಇಷ್ಟೆಲ್ಲ ಕಳಿಸುವ ಮೊದಲಿನ ಮಾತು. ಕಳಿಸಿದ ಮೇಲೆ ಬದಲಾದರೆ? ಇಮೇಲ್ ಒಮ್ಮೆ ಹೋದರೆ ಅದನ್ನು ತಿದ್ದಲು ಆಗುವುದಿಲ್ಲ. ಜಿಮೇಲ್‌ನಲ್ಲಿ ಅನ್‌ಡೂ ಇದೆ, ಆದರೆ ಸೆಟ್ಟಿಂಗ್‌ನಲ್ಲಿ ಅತಿ ಹೆಚ್ಚು ಅಂದರೆ 30 ಸೆಕೆಂಡ್. ಆಮೇಲೆ ಉಳಿಯುವುದು ಇನ್ನೊಂದು ಮೇಲ್ ಮಾತ್ರ.

ವಾಟ್ಸಾಪ್‌ನಲ್ಲಿ ಕಳಿಸಿದ 15 ನಿಮಿಷದವರೆಗೆ ಮೆಸೇಜ್ ತಿದ್ದಬಹುದು. ತಿದ್ದಿದೆ ಅನ್ನುವ ಗುರುತು ಕಾಣುತ್ತದೆ, ಮೊದಲು ಏನಿತ್ತು ಅನ್ನುವುದು ಕಾಣುವುದಿಲ್ಲ. ಇಲ್ಲೇ ಎಚ್ಚರ ಬೇಕು. "21ಕ್ಕೆ ಲಾರಿ" ಅಂತ ಹಾಕಿದಿರಿ, ಎದುರಿನವರು "ಓಕೆ" ಅಂದರು, ಆಮೇಲೆ ನೀವು 21 ಅನ್ನು 25 ಮಾಡಿದಿರಿ. ಈಗ ಅವರ "ಓಕೆ" 25ಕ್ಕೆ ಹೇಳಿದ ಹಾಗೆ ಕಾಣುತ್ತದೆ. ಅವರು 25ಕ್ಕೆ ಒಪ್ಪಿಯೇ ಇಲ್ಲ. ಅಕ್ಷರ ತಪ್ಪು ಇದ್ದರೆ ತಿದ್ದಿ, ತೊಂದರೆ ಇಲ್ಲ. ಅಂಕಿ, ತಾರೀಖು, ಷರತ್ತು ಬದಲಾದರೆ, ಅದೂ ಯಾರಾದರೂ ಉತ್ತರ ಕೊಟ್ಟ ಮೇಲೆ, ಹಳೆಯದನ್ನು ಹಾಗೇ ಬಿಟ್ಟು ಅದನ್ನೇ ಎತ್ತಿ ಹೊಸ ಮೆಸೇಜ್ ಹಾಕಬೇಕು.

ನಮ್ಮ ಬೆಳೆಗಾರರಿಗೂ ಇಂಥದ್ದೇ ಬಂತು ಅಂದುಕೊಳ್ಳಿ. 20ರ ಸಂಜೆ ಲಾರಿಯವರು, ನಾಳೆ ಆಗುವುದಿಲ್ಲ, ಮಂಗಳವಾರ ಬರುತ್ತೇವೆ ಅಂದರು. ಮಂಗಳವಾರ ಅಂದರೆ 25. ಅವಸರದಲ್ಲಿ ಬರುವ ಮೇಲ್ ಹೀಗಿರುತ್ತದೆ: "ನಿನ್ನೆಯ ಮೇಲ್ ಬಿಟ್ಟುಬಿಡಿ, ಮಂಗಳವಾರ ಬರುತ್ತೆ." ಬಿಟ್ಟುಬಿಡಿ ಅಂದರೆ ಯಾವುದನ್ನು? ದರ, ಓಟಿ, 100 ಚೀಲದ ಒಪ್ಪಿಗೆ ಎಲ್ಲವೂ ಇದ್ದದ್ದು ಆ ಮೇಲ್‌ನಲ್ಲೇ. ಬದಲಾದದ್ದು ಒಂದೇ ಸಾಲು. ಆ ಸಾಲನ್ನು ಮಾತ್ರ ಹೆಸರಿಸಿ, ಉಳಿದದ್ದು ನಿಂತಿದೆ ಅಂತ ಬಾಯಿಬಿಟ್ಟು ಹೇಳಬೇಕು.

ಅಷ್ಟಕ್ಕೇ ಮುಗಿಯುವುದೂ ಇಲ್ಲ. ಬದಲಾದ ಸಾಲಿನ ಮೇಲೆ ಬೇರೆ ಯಾವುದು ನಿಂತಿದೆ ಅಂತ ಸರಣಿಯಲ್ಲಿ ಮತ್ತೆ ಹುಡುಕಬೇಕು. ತಾರೀಖಿನ ಮೇಲೆ ಇಲ್ಲಿ ಮೂರು ವಿಷಯ ನಿಂತಿವೆ. ಇಳಿಸುವ ದಿನ: ಮಂಗಳವಾರ ಇಳಿಸುತ್ತಾರೆ, ಹಾಗಾಗಿ ಅಡ್ಡಿ ಇಲ್ಲ, ಆದರೂ ಮ್ಯಾನೇಜರ್‌ಗೆ ತಿಳಿಸಬೇಕು. ತೇವಾಂಶ: ಮಾಲು ನಾಲ್ಕು ದಿನ ಜಾಸ್ತಿ ಕಣದಲ್ಲೋ ಗೋಡೌನ್‌ನಲ್ಲೋ ಇರುತ್ತದೆ, 18ರ 10.8 ಅನ್ನುವ ಅಂಕಿ ಹಳೆಯದಾಗುತ್ತದೆ. ಬಾಡಿಗೆ: "25ರೊಳಗೆ" ಅಂದಿದ್ದರು. 25ಕ್ಕೇ ಬಂದರೆ ಅದು ಒಳಗೋ ಹೊರಗೋ? 21 ಅಂತ ಇದ್ದಾಗ ಈ ಪ್ರಶ್ನೆಯೇ ಹುಟ್ಟಿರಲಿಲ್ಲ. ಈಗ ಬಾಡಿಗೆ ಪೂರ್ತಿ ಇದರ ಮೇಲೆ ನಿಂತಿದೆ. ಬೆಳೆಗಾರರು ತಮಗೆ ಅನುಕೂಲದ ಅರ್ಥ ಹಿಡಿದು ಬರೆದುಬಿಡುವುದು ಸರಿಯಲ್ಲ. ಕೇಳಬೇಕು. 19ರ ತಮ್ಮ ಮೇಲ್‌ಗೇ ರಿಪ್ಲೈ ಆಲ್ ಒತ್ತಿ, ಕಳಿಸಬೇಕಾದವರ ಹೆಸರೆಲ್ಲ ಮೇಲೆ ಇದೆಯಾ ಅಂತ ನೋಡಿಕೊಂಡು, ಅವರು ಬರೆದದ್ದು:

```
ಸರ್, ಫೆ. 19ರ ನಮ್ಮ ಮೇಲ್‌ನಲ್ಲಿ ಒಂದು ಬದಲಾವಣೆ.

> ಫೆ. 21, ಶುಕ್ರವಾರ.

ಇದು ಫೆ. 25, ಮಂಗಳವಾರ ಆಗಿದೆ. ಲಾರಿ
ಸಿಗಲಿಲ್ಲ. 100 ಚೀಲ, ಓಟಿಗೆ 400 ರೂ., ಓಟಿ
ಲೆಕ್ಕದ ಷರತ್ತು ಎಲ್ಲ 19ರ ಮೇಲ್‌ನಲ್ಲಿ ಇದ್ದಂತೆ.

ಬಾಡಿಗೆ ಬಗ್ಗೆ ಫೆ. 15ರಂದು "25ರೊಳಗೆ" ಅಂತ
ಬರೆದಿದ್ದಿರಿ. 25ಕ್ಕೇ ಬಂದರೂ ನಿಮ್ಮದೇ ಆಗುತ್ತದೆಯೇ,
ದಯವಿಟ್ಟು ತಿಳಿಸಿ.

ತೇವಾಂಶ 24ರ ಸಂಜೆ ಮತ್ತೆ ನೋಡಿ ಇದೇ
ಮೇಲ್‌ಗೆ ಬರೆಯುತ್ತೇವೆ.

ಮ್ಯಾನೇಜರ್ ಅವರಿಗೆ: 21ಕ್ಕೆ ಜಾಗ ಇಟ್ಟಿದ್ದರೆ ಬಿಡಿ,
25ಕ್ಕೆ 100 ಚೀಲಕ್ಕೆ ಜಾಗ ಬೇಕು.
```

ಕೊನೆಯ ಸಾಲಿನಲ್ಲಿ ಮ್ಯಾನೇಜರ್ ಅವರನ್ನು ಬೇರೆಯಾಗಿ ಕರೆದದ್ದು ಬೇಕಂತಲೇ. ಮೂವರು ಓದುವ ಮೇಲ್‌ನಲ್ಲಿ ಯಾರಿಗೆ ಯಾವ ಕೆಲಸ ಅಂತ ಹೇಳದಿದ್ದರೆ, ಸಿಸಿಯಲ್ಲಿ ಇರುವವರು ಇದು ತಮಗಲ್ಲ ಅಂದುಕೊಂಡು ಮುಂದೆ ಹೋಗುತ್ತಾರೆ. ಬಾಡಿಗೆಯ ಪ್ರಶ್ನೆಗೆ ಖರೀದಿದಾರರು ಬರೀ "ಸರಿ" ಅಂತ ಉತ್ತರ ಕೊಟ್ಟರೆ, ಅದು ತಾರೀಖಿಗೋ ಬಾಡಿಗೆಗೋ ಅಂತ ಲಾರಿಗೆ ಚೀಲ ಏರಿಸುವ ಮೊದಲೇ ಇನ್ನೊಮ್ಮೆ ಕೇಳಿ, ಬರಹದಲ್ಲಿ ಪಡೆಯಬೇಕು.